ಅಕ್ಕನ ಚಟ್ನಿಪುಡಿ ಅಂಗಡಿಗೆ ಯಾವ ಪೇಮೆಂಟ್ ಗೇಟ್‌ವೇ?

ಆನ್‌ಲೈನ್‌ನಲ್ಲಿ ಸಣ್ಣ ಅಂಗಡಿ ತೆರೆಯಬೇಕೆಂದರೆ ಇವತ್ತು ವೆಬ್‌ಸೈಟ್ ಮಾಡುವುದು ಕಷ್ಟವಲ್ಲ. ಒಂದು ವಾರ ಕೂತರೆ ಮುಗಿಯುತ್ತದೆ. ಹೆಚ್ಚಿನವರು ತಡವರಿಸುವುದು ಗ್ರಾಹಕರಿಂದ ಹಣ ಪಡೆಯುವ ದಾರಿಯನ್ನು ಆಯ್ದುಕೊಳ್ಳುವಾಗ. ಒಂದು ಸಂಸ್ಥೆ ‘ಶೇ 2 ಮಾತ್ರ’ ಎನ್ನುತ್ತದೆ, ಇನ್ನೊಂದು ‘ಶೇ 1.75 ಮಾತ್ರ’ ಎನ್ನುತ್ತದೆ. ಕಡಿಮೆ ಕಂಡದ್ದನ್ನು ಆರಿಸಿಬಿಡೋಣ ಅನ್ನಿಸುವುದು ಸಹಜ. ಆದರೆ ನಿಮ್ಮ ಅಂಗಡಿಯ ಒಂದು ತಿಂಗಳ ಆರ್ಡರ್‌ಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುವವರೆಗೆ ಯಾವುದು ಅಗ್ಗ ಎಂದು ಹೇಳಲು ಬರುವುದಿಲ್ಲ.

ನನ್ನ ಅಕ್ಕ ಧಾರವಾಡದಲ್ಲಿ ಮನೆಯಿಂದಲೇ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ಮತ್ತು ಖಡಕ್ ರೊಟ್ಟಿ ಮಾರುತ್ತಾಳೆ. ಕರ್ನಾಟಕದೊಳಗೆ ಮಾತ್ರ ಮಾರಾಟ. ಎಂ.ಕಾಂ. ಓದುತ್ತಿರುವ ನನ್ನ ಪಾಲಿಗೆ ಬಂದದ್ದು ಅವಳ ವೆಬ್‌ಸೈಟಿಗೆ ಪೇಮೆಂಟ್ ಗೇಟ್‌ವೇ ಹುಡುಕುವ ಕೆಲಸ. ಅಲ್ಲಿಯವರೆಗೆ ಗ್ರಾಹಕರು ಅವಳ ಯುಪಿಐ ನಂಬರಿಗೆ ಹಣ ಹಾಕಿ ಸ್ಕ್ರೀನ್‌ಶಾಟ್ ಕಳಿಸುತ್ತಿದ್ದರು. ಅದಕ್ಕೆ ಶುಲ್ಕವೇನೋ ಇರಲಿಲ್ಲ. ಆದರೆ ರಾತ್ರಿ ಕೂತು ಸ್ಕ್ರೀನ್‌ಶಾಟ್ ಮತ್ತು ಪಾಸ್‌ಬುಕ್ ತಾಳೆ ನೋಡುವುದೇ ಒಂದು ಉದ್ಯೋಗವಾಗಿತ್ತು. ದಿನಕ್ಕೆ ಒಂದೋ ಎರಡೋ ಆರ್ಡರ್ ಇರುವವರಿಗೆ ಈ ಪದ್ಧತಿಯೇ ಸಾಕು. ದಿನಕ್ಕೆ ನಾಲ್ಕೈದು ಆರ್ಡರ್ ದಾಟಿದ ಮೇಲೆ, ಹಣ ಬಂದ ಕೂಡಲೇ ಆರ್ಡರ್ ತಾನಾಗಿ ದಾಖಲಾಗುವ ವ್ಯವಸ್ಥೆ ಬೇಕಾಗುತ್ತದೆ.

ಮೊದಲು ನೋಟ್‌ಬುಕ್, ಆಮೇಲೆ ದರಪಟ್ಟಿ

ದರಪಟ್ಟಿಗಳನ್ನು ತೆರೆಯುವ ಮೊದಲು ಅಕ್ಕನಿಗೆ ಒಂದು ತಿಂಗಳು ಎರಡು ಸಂಗತಿ ಬರೆದಿಡಲು ಹೇಳಿದೆ: ಪ್ರತಿ ಆರ್ಡರಿನ ಮೊತ್ತ, ಮತ್ತು ಗ್ರಾಹಕರು ಹೇಗೆ ಹಣ ಕೊಡಲು ಬಯಸಿದರು ಎಂಬುದು. ತಿಂಗಳ ಕೊನೆಗೆ ಸಿಕ್ಕಿದ್ದು 120 ಆರ್ಡರ್, ಒಟ್ಟು ₹60,000. ಇದರಲ್ಲಿ ಯುಪಿಐ 100 ಆರ್ಡರ್, ₹42,000. ನೆಟ್ ಬ್ಯಾಂಕಿಂಗ್ 10 ಆರ್ಡರ್, ₹8,000. ಕ್ರೆಡಿಟ್ ಕಾರ್ಡ್ ಕೇಳಿದವರು 10 ಮಂದಿ, ₹10,000.

ಈ ಸಾಲುಗಳನ್ನು ಹಿಡಿದುಕೊಂಡು ಮೂರು ಸಂಸ್ಥೆಗಳ ದರ ತರಿಸಿದೆವು. ಹೆಸರುಗಳನ್ನು ಇಲ್ಲಿ ಹೇಳುತ್ತಿಲ್ಲ. ಏಕೆಂದರೆ ದರಗಳು ಬದಲಾಗುತ್ತಿರುತ್ತವೆ, ಲೆಕ್ಕ ಮಾಡುವ ರೀತಿ ಮಾತ್ರ ಬದಲಾಗುವುದಿಲ್ಲ.

ಮೊದಲನೆಯದು ಎಲ್ಲ ಬಗೆಯ ಪಾವತಿಗೂ ಶೇ 2 ಕೇಳಿತು. ಬೇರೆ ಯಾವ ಶುಲ್ಕವೂ ಇಲ್ಲ. ಎರಡನೆಯದರಲ್ಲಿ ಯುಪಿಐ ಉಚಿತ, ನೆಟ್ ಬ್ಯಾಂಕಿಂಗ್‌ಗೆ ಆರ್ಡರಿಗೆ ₹15, ಕ್ರೆಡಿಟ್ ಕಾರ್ಡಿಗೆ ಶೇ 2.4, ಜೊತೆಗೆ ವರ್ಷಕ್ಕೆ ₹2,400 ನಿರ್ವಹಣಾ ಶುಲ್ಕ. ಮೂರನೆಯದು ಎಲ್ಲಕ್ಕೂ ಶೇ 1.75, ಮತ್ತು ಪ್ರತಿ ಆರ್ಡರಿಗೆ ₹3. ಮೂರೂ ಪಟ್ಟಿಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದೇ ಸಾಲು ಇತ್ತು: ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಪ್ರತ್ಯೇಕ.

ಗಮನಿಸಿ, ಈ ಶೇ 18 ಬೀಳುವುದು ಶುಲ್ಕದ ಮೇಲೆ, ಮಾರಾಟದ ಮೊತ್ತದ ಮೇಲಲ್ಲ. ಹಾಗಾಗಿ ಶೇ 2 ಎಂದರೆ ಕೈಯಿಂದ ಹೋಗುವುದು ಶೇ 2.36. ಜಿಎಸ್‌ಟಿ ನೋಂದಣಿ ಇದ್ದು ಹೂಡುವಳಿ ತೆರಿಗೆ ಜಮೆ ಪಡೆಯುವ ಅಂಗಡಿಗೆ ಆ 0.36 ವಾಪಸ್ ಹೊಂದಾಣಿಕೆಯಾಗಬಹುದು. ಅಕ್ಕನಂತೆ ನೋಂದಣಿ ಇಲ್ಲದವರಿಗೆ ಅದೂ ಖರ್ಚೇ.

ಲೆಕ್ಕಕ್ಕೆ ಸ್ಪ್ರೆಡ್‌ಶೀಟ್‌ನಲ್ಲಿ ಒಂದೇ ಸೂತ್ರ ಸಾಕಾಯಿತು. ಪ್ರತಿ ಪಾವತಿ ವಿಧಾನಕ್ಕೆ ಒಂದು ಸಾಲು. B ಕಾಲಂನಲ್ಲಿ ಒಟ್ಟು ಮೊತ್ತ, C ಯಲ್ಲಿ ಶೇಕಡಾ ದರ, D ಯಲ್ಲಿ ಆರ್ಡರ್‌ಗಳ ಸಂಖ್ಯೆ, E ಯಲ್ಲಿ ಪ್ರತಿ ಆರ್ಡರಿನ ನಿಗದಿತ ಶುಲ್ಕ:

```
=(B2*C2+D2*E2)*1.18
```

ಮೊದಲ ಸಂಸ್ಥೆಯ ಲೆಕ್ಕ ಸುಲಭ. ₹60,000ಕ್ಕೆ ಶೇ 2 ಅಂದರೆ ₹1,200, ಜಿಎಸ್‌ಟಿ ಸೇರಿ ₹1,416. ಮೂರನೆಯದಕ್ಕೆ ಶೇ 1.75ರಂತೆ ₹1,050 ಆಗುತ್ತದೆ. ಆದರೆ 120 ಆರ್ಡರಿಗೆ ಮೂರು ಮೂರು ರೂಪಾಯಿ ಎಂದರೆ ಇನ್ನೂ ₹360. ಜಿಎಸ್‌ಟಿ ಸೇರಿ ₹1,663.80. ಶೇಕಡಾವಾರು ಅತಿ ಕಡಿಮೆ ತೋರಿಸಿದ್ದೇ ಅತಿ ದುಬಾರಿಯಾಯಿತು. ಎರಡನೆಯದರಲ್ಲಿ ಯುಪಿಐಗೆ ಸೊನ್ನೆ, ನೆಟ್ ಬ್ಯಾಂಕಿಂಗ್‌ಗೆ ₹150, ಕಾರ್ಡಿಗೆ ₹240, ತಿಂಗಳ ಪಾಲಿನ ನಿರ್ವಹಣೆ ₹200. ಒಟ್ಟು ₹590, ಜಿಎಸ್‌ಟಿ ಸೇರಿ ₹696.20.

‘ಅಲ್ಲೋ ತಮ್ಮಾ, ಮೂರು ರೂಪಾಯಿ ಅಂದ್ರ ಏನ್ ಮಹಾ ಅಂತ ನಾನು ತಿಳ್ಕೊಂಡಿದ್ದೆ’ ಎಂದಳು ಅಕ್ಕ. ₹180ರ ಒಂದು ಪ್ಯಾಕೆಟ್ ಚಟ್ನಿಪುಡಿಗೆ ಮೂರನೇ ಸಂಸ್ಥೆ ಹಿಡಿಯುವುದು ₹7.26, ಅಂದರೆ ಶೇ 4. ಅದೇ ₹3,000ದ ಒಂದು ಇಳಕಲ್ ಸೀರೆಗೆ ಅದು ಹಿಡಿಯುವುದು ₹65.49. ಮೊದಲ ಸಂಸ್ಥೆ ಹಿಡಿಯುವ ₹70.80ಕ್ಕಿಂತ ಕಡಿಮೆ. ಇವೆರಡರ ನಡುವಿನ ಗಡಿ ₹1,200. ಆರ್ಡರಿನ ಮೊತ್ತ ಅದಕ್ಕಿಂತ ಮೇಲಿದ್ದರೆ ಮೂರನೆಯದು ಲಾಭ, ಕೆಳಗಿದ್ದರೆ ಮೊದಲನೆಯದು. ಸೀರೆ ಅಂಗಡಿಗೂ ಚಟ್ನಿಪುಡಿ ಅಂಗಡಿಗೂ ಒಂದೇ ಸಲಹೆ ಕೊಡಲು ಬರದಿರುವುದು ಇದಕ್ಕೇ.

ಉಚಿತ ಯುಪಿಐಗೆ ಶುಲ್ಕ ಯಾಕೆ?

‘ಯುಪಿಐ ಪುಕ್ಕಟೆ ಅಲ್ಲೇನು, ಅದಕ್ಕೂ ಶೇ 2 ಯಾಕ ತಗೋತಾರ?’ ಅಕ್ಕನ ಈ ಪ್ರಶ್ನೆ ಸರಿಯಾದದ್ದೇ. 2020ರ ಜನವರಿ 1ರಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ವ್ಯಾಪಾರಿಗಳಿಂದ ಎಂಡಿಆರ್ ತೆಗೆದುಕೊಳ್ಳುವಂತಿಲ್ಲ. ಎಂಡಿಆರ್ ಎಂದರೆ ಪಾವತಿ ಸ್ವೀಕರಿಸಿದ್ದಕ್ಕಾಗಿ ಬ್ಯಾಂಕ್ ವ್ಯವಸ್ಥೆ ವ್ಯಾಪಾರಿಯಿಂದ ಮುರಿದುಕೊಳ್ಳುವ ಪಾಲು. ಕ್ರೆಡಿಟ್ ಕಾರ್ಡಿನಲ್ಲಿ ಇದರ ದೊಡ್ಡ ಭಾಗ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಕಾರ್ಡ್ ಶುಲ್ಕ ಇಳಿಸಲು ಗೇಟ್‌ವೇ ಸಂಸ್ಥೆಗಳು ಒಪ್ಪದಿರುವುದಕ್ಕೆ ಅದೇ ಕಾರಣ.

ಆದರೆ ಗೇಟ್‌ವೇ ಸಂಸ್ಥೆ ತನ್ನ ಸಾಫ್ಟ್‌ವೇರ್, ವರದಿ, ಹಣ ಮರುಪಾವತಿಯ ಸೌಲಭ್ಯಕ್ಕೆಂದು ‘ಪ್ಲಾಟ್‌ಫಾರ್ಮ್ ಶುಲ್ಕ’ ಎಂಬ ಹೆಸರಿನಲ್ಲಿ ಬೇರೆಯಾಗಿ ಹಿಡಿಯುತ್ತದೆ. ಎಲ್ಲ ವಿಧಾನಕ್ಕೂ ಒಂದೇ ದರ ಎಂದರೆ ಯುಪಿಐಗೂ ಅದು ಸೇರಿದೆ ಎಂದೇ ಅರ್ಥ. ಅಕ್ಕನ ಮಾರಾಟದಲ್ಲಿ ಯುಪಿಐ ಪಾಲು ಶೇ 70. ಅವಳ ಮಟ್ಟಿಗೆ ದರಪಟ್ಟಿಯ ಅತಿ ಮುಖ್ಯ ಸಾಲು ಅದೇ. ಹಾಗೆಯೇ, ಯುಪಿಐ ಆ್ಯಪ್‌ಗೆ ರುಪೇ ಕ್ರೆಡಿಟ್ ಕಾರ್ಡ್ ಜೋಡಿಸಿ ಕೊಟ್ಟ ಹಣ ‘ಉಚಿತ ಯುಪಿಐ’ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿಕೊಳ್ಳಬೇಕು. ಎರಡನೇ ಸಂಸ್ಥೆಯಲ್ಲಿ ಅದು ಕಾರ್ಡ್ ಲೆಕ್ಕಕ್ಕೇ ಹೋಗುತ್ತಿತ್ತು.

ಮತ್ತೊಂದು ಪ್ರಶ್ನೆ ಮರುಪಾವತಿಯದ್ದು. ಗ್ರಾಹಕರಿಗೆ ಹಣ ವಾಪಸ್ ಕೊಟ್ಟಾಗ ಮೊದಲು ಹಿಡಿದ ಶುಲ್ಕವನ್ನು ಸಾಮಾನ್ಯವಾಗಿ ವಾಪಸ್ ಕೊಡುವುದಿಲ್ಲ. ಚಟ್ನಿಪುಡಿ ವಾಪಸ್ ಬರುವುದು ಅಪರೂಪ. ಅಳತೆ ಸರಿಹೋಗದೆ ಬಟ್ಟೆ ವಾಪಸ್ ಬರುವ ಅಂಗಡಿಗೆ ಇದು ಸಣ್ಣ ಸಂಗತಿಯಲ್ಲ.

ಶುಕ್ರವಾರದ ಹಣ ಬುಧವಾರ

ಶುಲ್ಕದಲ್ಲಿ ಗೆದ್ದ ಎರಡನೇ ಸಂಸ್ಥೆಗೆ ಒಂದು ದೌರ್ಬಲ್ಯವಿತ್ತು. ಅದರ ಸೆಟ್ಲ್‌ಮೆಂಟ್ ಅವಧಿ ‘ಟಿ+3’. ಮೊದಲನೆಯದು ಟಿ+2, ಮೂರನೆಯದು ಟಿ+1. ‘ಟಿ’ ಎಂದರೆ ಗ್ರಾಹಕ ಹಣ ಕೊಟ್ಟ ದಿನ. ಆ ನಂತರದ ಅಂಕಿ ಕೆಲಸದ ದಿನಗಳನ್ನು ಹೇಳುತ್ತದೆ. ಈ ಮೂರೂ ಸಂಸ್ಥೆಗಳು ಶನಿವಾರ, ಭಾನುವಾರಗಳನ್ನು ಕೆಲಸದ ದಿನವೆಂದು ಹಿಡಿಯುತ್ತಿರಲಿಲ್ಲ.

ಕ್ಯಾಲೆಂಡರ್ ಹಿಡಿದು ನೋಡಿದರೆ ಇದರ ಅರ್ಥ ಗೊತ್ತಾಗುತ್ತದೆ. ಟಿ+3ರಲ್ಲಿ ಶುಕ್ರವಾರದ ಹಣಕ್ಕೆ ಸೋಮವಾರ ಮೊದಲ ದಿನ, ಮಂಗಳವಾರ ಎರಡನೆಯದು, ಬುಧವಾರ ಮೂರನೆಯದು. ಶನಿವಾರ, ಭಾನುವಾರದ ಹಣವೂ ಅದೇ ಬುಧವಾರ ಬರುತ್ತದೆ. ಟಿ+2ರಲ್ಲಿ ಈ ಮೂರೂ ದಿನದ ಹಣ ಮಂಗಳವಾರ, ಟಿ+1ರಲ್ಲಿ ಸೋಮವಾರ. ನಡುವೆ ಒಂದು ಹಬ್ಬದ ರಜೆ ಬಂದರೆ ಮತ್ತೊಂದು ದಿನ ಮುಂದಕ್ಕೆ.

ಅಕ್ಕ ಶೇಂಗಾ, ಅಗಸಿ, ಬ್ಯಾಡಗಿ ಮೆಣಸಿನಕಾಯಿ ತರಲು ಹುಬ್ಬಳ್ಳಿಗೆ ಹೋಗುತ್ತಿದ್ದದ್ದು ಸೋಮವಾರ. ದಿನಕ್ಕೆ ಸರಾಸರಿ ₹2,000 ವ್ಯಾಪಾರ. ಸೋಮವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಟಿ+3ರಲ್ಲಿ ಬುಧವಾರದಿಂದ ಭಾನುವಾರದವರೆಗಿನ ಐದು ದಿನದ ಹಣ, ಅಂದರೆ ₹10,000 ಇನ್ನೂ ಕೈಗೆ ಬಂದಿರುವುದಿಲ್ಲ. ಟಿ+2ರಲ್ಲಿ ಹೀಗೆ ನಿಲ್ಲುವುದು ನಾಲ್ಕು ದಿನದ ₹8,000. ಟಿ+1ರಲ್ಲೂ ಮೂರು ದಿನದ ₹6,000 ನಿಂತೇ ಇರುತ್ತದೆ.

ಕಾಯುವುದಕ್ಕೂ ಬೆಲೆ ಕಟ್ಟಬಹುದು. ನಿಂತ ಹಣದಷ್ಟನ್ನು ಅಕ್ಕ ತನ್ನ ಸಂಘದಿಂದ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದು ಸಾಮಾನು ಕೊಂಡಳು ಎಂದಿಟ್ಟುಕೊಳ್ಳಿ. ₹10,000ಕ್ಕೆ ಬಡ್ಡಿ ₹200, ₹8,000ಕ್ಕೆ ₹160, ₹6,000ಕ್ಕೆ ₹120. ಇದನ್ನು ಶುಲ್ಕಕ್ಕೆ ಕೂಡಿಸಿದರೆ ಮೊದಲನೆಯದು ₹1,576, ಎರಡನೆಯದು ₹896.20, ಮೂರನೆಯದು ₹1,783.80. ತಡವಾಗಿ ಹಣ ಕೊಡುವ ಸಂಸ್ಥೆಯೇ ಈಗಲೂ ಅಗ್ಗ.

ಬೇಗ ಹಣ ಬೇಕಾದವರಿಗೆ ಕೆಲವು ಸಂಸ್ಥೆಗಳು ಹೆಚ್ಚುವರಿ ಶುಲ್ಕಕ್ಕೆ ‘ತಕ್ಷಣ ಸೆಟ್ಲ್‌ಮೆಂಟ್’ ಸೌಲಭ್ಯ ಕೊಡುತ್ತವೆ. ಅಕ್ಕ ಅದನ್ನೂ ಕೇಳಲಿಲ್ಲ, ಸಾಲವನ್ನೂ ಮಾಡಲಿಲ್ಲ. ‘ಸೋಮವಾರ ಬಿಟ್ಟು ಗುರುವಾರ ಹುಬ್ಬಳ್ಳಿಗೆ ಹೋದ್ರಾತು. ಮಂಡಿ ಏನ್ ಓಡಿ ಹೋಗೂದಿಲ್ಲ’ ಎಂದಳು. ಗುರುವಾರದ ಹೊತ್ತಿಗೆ ವಾರಾಂತ್ಯದ ಹಣವೆಲ್ಲ ಖಾತೆಯಲ್ಲಿರುತ್ತದೆ. ದಿನ ಬದಲಿಸಿದ ಆ ಮೊದಲ ಸಲ ಮಾತ್ರ ಸ್ವಲ್ಪ ಕೈಗೂಡಿನ ಹಣ ಬೇಕಾಯಿತು. ಆದರೆ ದಿನವೂ ತಾಜಾ ಹೂವು, ಹಾಲು, ತರಕಾರಿ ಕೊಳ್ಳಬೇಕಾದ ಅಂಗಡಿಗೆ ಹೀಗೆ ದಿನ ಬದಲಿಸಲು ಬರುವುದಿಲ್ಲ. ಅಂಥವರಿಗೆ ಟಿ+1ಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಸರಿಯೇ.

ಇಷ್ಟು ದಿನ ನಮ್ಮ ಹಣ ಯಾರ ಬಳಿ ಇರುತ್ತದೆ ಎಂಬ ಪ್ರಶ್ನೆಯೂ ಇದೆ. ನಾವು ಆಡುಮಾತಿನಲ್ಲಿ ಎಲ್ಲವನ್ನೂ ಗೇಟ್‌ವೇ ಎನ್ನುತ್ತೇವೆ. ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇದರಲ್ಲಿ ಎರಡು ಬಗೆ ಮಾಡಿತು. ಕೇವಲ ತಾಂತ್ರಿಕ ವ್ಯವಸ್ಥೆ ಒದಗಿಸಿ, ಹಣವನ್ನು ಮುಟ್ಟದಿರುವುದು ಪೇಮೆಂಟ್ ಗೇಟ್‌ವೇ. ಗ್ರಾಹಕರಿಂದ ಹಣ ಸಂಗ್ರಹಿಸಿ ಆಮೇಲೆ ವ್ಯಾಪಾರಿಗೆ ಕೊಡುವುದು ಪೇಮೆಂಟ್ ಅಗ್ರಿಗೇಟರ್. ಸಣ್ಣ ಅಂಗಡಿಗಳು ಸೇರುವುದು ಬಹುತೇಕ ಎರಡನೇ ಬಗೆಗೆ. ಈ ಅಗ್ರಿಗೇಟರ್‌ಗಳಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು, ಸಂಗ್ರಹಿಸಿದ ಹಣವನ್ನು ಅವು ಬ್ಯಾಂಕಿನ ಎಸ್ಕ್ರೊ ಖಾತೆಯಲ್ಲಿ ಪ್ರತ್ಯೇಕವಾಗಿ ಇಡಬೇಕು. ಅನುಮತಿ ಪಡೆದವರ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟ್‌ನಲ್ಲಿದೆ. ಆ ಪಟ್ಟಿಯಲ್ಲಿ ಹೆಸರಿಲ್ಲದ ಸಂಸ್ಥೆ ಎಷ್ಟೇ ಕಡಿಮೆ ದರ ಹೇಳಿದರೂ ನಾವು ಮುಂದಿನ ಮಾತು ಆಡಲಿಲ್ಲ.

ಯಾವ ಬಾಗಿಲು ತೆರೆದಿಡಬೇಕು?

‘ನೂರಕ್ಕೂ ಹೆಚ್ಚು ಪಾವತಿ ವಿಧಾನಗಳು’ ಎಂಬ ಜಾಹೀರಾತು ನೋಡಿ ಮರುಳಾಗಬೇಕಿಲ್ಲ. ₹180ರ ಚಟ್ನಿಪುಡಿಯನ್ನು ಯಾರೂ ಕಂತಿನಲ್ಲಿ ಕೊಳ್ಳುವುದಿಲ್ಲ. ಬೇಕಾದದ್ದು ನಮ್ಮ ಗ್ರಾಹಕರು ಬಳಸುವ ನಾಲ್ಕಾರು ವಿಧಾನ ಮಾತ್ರ.

ಕಾರ್ಡ್ ಶುಲ್ಕ ದುಬಾರಿ, ಆದ್ದರಿಂದ ಕಾರ್ಡೇ ಬೇಡ ಎಂದು ಅಕ್ಕ ಒಮ್ಮೆ ಅಂದಿದ್ದಳು. ಮತ್ತೆ ನೋಟ್‌ಬುಕ್ ತೆರೆದೆವು. ಕ್ರೆಡಿಟ್ ಕಾರ್ಡ್ ಕೇಳಿದ ಹತ್ತು ಜನರಲ್ಲಿ ಆರು ಮಂದಿ, ಆ ಸೌಲಭ್ಯ ಇಲ್ಲವೆಂದಾಗ ಆರ್ಡರನ್ನೇ ಕೈಬಿಟ್ಟಿದ್ದರು. ಹೆಚ್ಚಿನವರು ತಿಂಗಳ ಕೊನೆಯ ವಾರದಲ್ಲಿ ಕೇಳಿದ್ದರು. ತಪ್ಪಿದ ವ್ಯಾಪಾರ ಸುಮಾರು ₹6,000. ನೂರಕ್ಕೆ ಇಪ್ಪತ್ತೈದರಂತೆ ಲಾಭ ಹಿಡಿದರೂ ₹1,500. ಆರೂ ಆರ್ಡರಿಗೆ ಕಾರ್ಡ್ ಶುಲ್ಕ ಕಟ್ಟಿದ್ದರೆ ಜಿಎಸ್‌ಟಿ ಸೇರಿ ₹170 ಆಗುತ್ತಿತ್ತು. ಒಂದು ವಿಧಾನ ದುಬಾರಿಯೇ ಎಂದು ಕೇಳುವಾಗ, ಅದಿಲ್ಲದಿದ್ದರೆ ಎಷ್ಟು ಆರ್ಡರ್ ತಪ್ಪುತ್ತವೆ ಎಂಬುದನ್ನೂ ಪಕ್ಕಕ್ಕೆ ಬರೆಯಬೇಕು.

ನೆಟ್ ಬ್ಯಾಂಕಿಂಗ್‌ನ ಕಥೆ ಬೇರೆ. ಎರಡನೇ ಸಂಸ್ಥೆಯ ₹15 ಶುಲ್ಕ ಜಿಎಸ್‌ಟಿ ಸೇರಿ ₹17.70 ಆಗುತ್ತದೆ. ₹800ರ ಆರ್ಡರಿಗೆ ಅದು ಶೇ 2.2. ಆದರೆ ₹180ರ ಒಂದೇ ಪ್ಯಾಕೆಟ್ಟಿಗೆ ಅದು ಸುಮಾರು ಶೇ 10. ಹಾಗಾಗಿ ₹500ಕ್ಕಿಂತ ದೊಡ್ಡ ಆರ್ಡರಿಗೆ ಮಾತ್ರ ನೆಟ್ ಬ್ಯಾಂಕಿಂಗ್ ಕಾಣುವಂತೆ ವೆಬ್‌ಸೈಟ್‌ನಲ್ಲಿ ಮಾಡಿದೆವು. ಜೊತೆಗೆ ಬ್ಯಾಂಕುಗಳ ಪಟ್ಟಿಯನ್ನೂ ಓದಿದೆವು. ನಮ್ಮ ಕಡೆಯ ಹಿರಿಯ ಗ್ರಾಹಕರಲ್ಲಿ ಗ್ರಾಮೀಣ ಬ್ಯಾಂಕ್, ಸಹಕಾರಿ ಬ್ಯಾಂಕ್ ಖಾತೆ ಇರುವವರು ಹಲವರು. ದೊಡ್ಡ ಬ್ಯಾಂಕುಗಳ ಹೆಸರಷ್ಟೇ ಇರುವ ಪಟ್ಟಿ ಅವರಿಗೆ ಉಪಯೋಗಕ್ಕೆ ಬಾರದು.

ನೂರು ರೂಪಾಯಿಯ ಪರೀಕ್ಷೆ

ಅರ್ಜಿ ಹಾಕಿದಾಗ ಪ್ಯಾನ್, ಬ್ಯಾಂಕ್ ಖಾತೆಯ ವಿವರ, ಆಹಾರ ಪದಾರ್ಥವಾದ್ದರಿಂದ ಎಫ್‌ಎಸ್‌ಎಸ್‌ಎಐ ನೋಂದಣಿ ಕೇಳಿದರು. ವೆಬ್‌ಸೈಟ್‌ನಲ್ಲಿ ಸಂಪರ್ಕದ ವಿಳಾಸ, ಮರುಪಾವತಿ ನಿಯಮ, ಖಾಸಗಿತನ ನೀತಿಯ ಪುಟಗಳು ಇವೆಯೇ ಎಂದೂ ನೋಡುತ್ತಾರೆ. ಈ ಪುಟಗಳು ಖಾಲಿ ಇದ್ದರೆ ಅರ್ಜಿ ನಿಂತುಬಿಡುತ್ತದೆ. ಪ್ಯಾನ್‌ನಲ್ಲಿರುವ ಹೆಸರು ಮತ್ತು ಬ್ಯಾಂಕ್ ಖಾತೆಯ ಹೆಸರು ಹೊಂದಿಕೆಯಾಗಬೇಕು.

ಖಾತೆ ತೆರೆದ ದಿನ ನಾವೇ ಮೂರು ಸಲ ₹100 ಪಾವತಿಸಿದೆವು: ಯುಪಿಐಯಲ್ಲಿ ಒಮ್ಮೆ, ಕಾರ್ಡಿನಲ್ಲಿ ಒಮ್ಮೆ, ನೆಟ್ ಬ್ಯಾಂಕಿಂಗ್‌ನಲ್ಲಿ ಒಮ್ಮೆ. ₹500ರ ಮಿತಿಯನ್ನು ಆಮೇಲೆ ಹಾಕಿದೆವು. ದರಪಟ್ಟಿ ನಿಜವಾದರೆ ಕೈಗೆ ಬರಬೇಕಾದದ್ದು ಕ್ರಮವಾಗಿ ₹100, ₹97.17 ಮತ್ತು ₹82.30. ಒಟ್ಟು ₹279.47. ಮೂರನೇ ಕೆಲಸದ ದಿನ ಖಾತೆಗೆ ಅಷ್ಟೇ ಬಂತು. ಸೆಟ್ಲ್‌ಮೆಂಟ್ ವರದಿಯಲ್ಲಿ ಯುಟಿಆರ್ ಎಂಬ ಸಂಖ್ಯೆ ಇರುತ್ತದೆ, ಅದೇ ಸಂಖ್ಯೆ ಪಾಸ್‌ಬುಕ್‌ನಲ್ಲೂ ಸಿಗಬೇಕು. ಪೈಸೆ ವ್ಯತ್ಯಾಸ ಕಂಡರೆ ಯಾವುದೋ ಶುಲ್ಕ ನಮಗೆ ಹೇಳದೆ ಉಳಿದಿದೆ ಎಂದು ಅರ್ಥ. ಮೂರು ಪಾವತಿ ಇದ್ದಾಗ ಅದನ್ನು ಹುಡುಕುವುದು ಸುಲಭ, ಮುನ್ನೂರು ಆದ ಮೇಲೆ ಕಷ್ಟ.

ಯುಪಿಐ ಪರೀಕ್ಷೆಯಲ್ಲಿ ಇನ್ನೊಂದನ್ನೂ ನೋಡಿದೆವು. ಹಣ ಕೊಟ್ಟ ಕೂಡಲೇ ವೆಬ್‌ಸೈಟಿಗೆ ಮರಳದೆ ಬ್ರೌಸರ್ ಮುಚ್ಚಿದೆವು. ಬಹಳ ಗ್ರಾಹಕರು ಹೀಗೇ ಮಾಡುತ್ತಾರೆ. ಆಗಲೂ ಆರ್ಡರ್ ದಾಖಲಾಗಬೇಕಾದರೆ, ಹಣ ಬಂದಿದೆ ಎಂಬ ಸಂದೇಶವನ್ನು ಗೇಟ್‌ವೇ ತಾನೇ ನೇರವಾಗಿ ನಮ್ಮ ವೆಬ್‌ಸೈಟಿಗೆ ಕಳಿಸಬೇಕು. ಇದಕ್ಕೆ ವೆಬ್‌ಹುಕ್ ಎನ್ನುತ್ತಾರೆ. ಅದನ್ನು ಜೋಡಿಸದಿದ್ದರೆ ‘ಹಣ ಹೋಗಿದೆ, ಆರ್ಡರ್ ಆಗಿಲ್ಲ’ ಎಂಬ ಫೋನ್ ಕರೆಗಳು ಶುರುವಾಗುತ್ತವೆ.

ಮೊದಲ ಪೂರ್ಣ ತಿಂಗಳ ವರದಿ ಬಂದಾಗ ಮಾರಾಟ ₹61,300, ಜಿಎಸ್‌ಟಿ ಮತ್ತು ನಿರ್ವಹಣೆ ಸೇರಿ ಶುಲ್ಕ ₹742, ಅಂದರೆ ಶೇ 1.21. ಅಂದಾಜಿಗಿಂತ ಸ್ವಲ್ಪ ಹೆಚ್ಚಾದದ್ದು ಕಾರ್ಡ್ ಆರ್ಡರ್‌ಗಳು ಹೆಚ್ಚಿದ್ದರಿಂದ.

ಹಾಗೆಂದು ಎಲ್ಲರೂ ಎರಡನೇ ಬಗೆಯ ಸಂಸ್ಥೆಯನ್ನೇ ಆರಿಸಬೇಕಿಲ್ಲ. ಅದರ ನಿರ್ವಹಣಾ ಶುಲ್ಕ ವ್ಯಾಪಾರ ಆಗದ ತಿಂಗಳಲ್ಲೂ ತಪ್ಪುವುದಿಲ್ಲ. ಇದೇ ಪ್ರಮಾಣದ ಪಾವತಿಗಳಿದ್ದು ತಿಂಗಳ ಮಾರಾಟ ₹10,000 ಮಾತ್ರ ಇದ್ದಿದ್ದರೆ, ಜಿಎಸ್‌ಟಿ ಬಿಟ್ಟು ಮೊದಲ ಸಂಸ್ಥೆಗೆ ₹200, ಎರಡನೆಯದಕ್ಕೆ ₹265 ಆಗುತ್ತಿತ್ತು. ಇವೆರಡೂ ಸಮವಾಗುವುದು ತಿಂಗಳಿಗೆ ಸುಮಾರು ₹15,000 ಮಾರಾಟದಲ್ಲಿ. ಹೊಸದಾಗಿ ಶುರು ಮಾಡುವವರು ಆ ಗಡಿ ದಾಟುವವರೆಗೆ ನಿರ್ವಹಣಾ ಶುಲ್ಕವಿಲ್ಲದ ಕಡೆ ಇರುವುದೇ ಮೇಲು. ಅಕ್ಕ ದೀಪಾವಳಿಗೆ ₹1,500ರ ಉಡುಗೊರೆ ಪೆಟ್ಟಿಗೆ ಮಾರಬೇಕೆಂದಿದ್ದಾಳೆ. ಆಗ ಆರ್ಡರಿನ ಮೊತ್ತವೂ ಕಾರ್ಡಿನ ಪಾಲೂ ಬದಲಾಗುತ್ತವೆ. ಸ್ಪ್ರೆಡ್‌ಶೀಟ್‌ನ ಅದೇ ಸೂತ್ರಕ್ಕೆ ಹೊಸ ಅಂಕಿಗಳನ್ನು ಹಾಕಿ ಮತ್ತೊಮ್ಮೆ ನೋಡಬೇಕು.